ಅರಣ್ಯ ಹಕ್ಕು ಅರ್ಜಿ ತಿರಸ್ಕಾರದ ನೋಟೀಸು: ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ

ನಮ್ಮ ಗ್ರಾಮದ ಅರಣ್ಯ ಹಕ್ಕು ಸಮಿತಿಯಿಂದ, ನೋಟೀಸು ಬಂದಿರುವ ಎಲ್ಲ ಮನೆಯವರಿಗೆ

ನವೆಂಬರ್ 10ರಂದು ನಿಮ್ಮ ಕೈಗೆ ಬಂದ ನೋಟೀಸನ್ನು ಇಲ್ಲಿ ಬಿಡಿಸಿ ಬರೆದಿದ್ದೇವೆ. ಕಾನೂನಿನ ಲೆಕ್ಕಕ್ಕೆ ನಿಲ್ಲುವುದು ಆ ನೋಟೀಸೇ, ಈ ಹಾಳೆಯಲ್ಲ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅದರ ಮುಖ್ಯ ವಾಕ್ಯ ಇದು:

"ಉಲ್ಲೇಖಿತ ಅಧಿನಿಯಮದ ಕಲಂ 2(ಒ)ರನ್ವಯ ಸದರಿ ಅರ್ಜಿದಾರರು ಇತರೆ ಪಾರಂಪರಿಕ ಅರಣ್ಯ ವಾಸಿಯೆಂಬುದನ್ನು ಸಮರ್ಥಿಸುವ ಮೂರು ತಲೆಮಾರಿನ ದಾಖಲಾತಿಗಳನ್ನು ಹಾಜರುಪಡಿಸದೇ ಇರುವುದು ಕಂಡುಬಂದಿರುವುದರಿಂದ ಸದರಿ ಕ್ಲೇಮನ್ನು ತಿರಸ್ಕರಿಸಿ ಆದೇಶಿಸಿದ್ದು, ಬಾಧಿತರಾದಲ್ಲಿ ಆದೇಶದ ದಿನಾಂಕದಿಂದ 60 ದಿನಗಳೊಳಗಾಗಿ ಜಿಲ್ಲಾ ಮಟ್ಟದ ಸಮಿತಿಗೆ ಮನವಿ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಮುಂದಿನ ಕ್ರಮವನ್ನು ನಿಯಮಾನುಸಾರ ಜರುಗಿಸಲಾಗುವುದು."

ಇಷ್ಟುದ್ದದ ವಾಕ್ಯದಲ್ಲಿ ಮೂರು ಸಂಗತಿಗಳಿವೆ: ಏನಾಯಿತು, ನೀವು ಏನು ಮಾಡಬಹುದು, ಸುಮ್ಮನಿದ್ದರೆ ಏನಾದೀತು.

ಏನಾಯಿತು

2006ರ ಅರಣ್ಯ ಹಕ್ಕು ಕಾಯ್ದೆಯಡಿ ನೀವು ಸಾಗುವಳಿ ಮಾಡುತ್ತಿರುವ ಅರಣ್ಯ ಜಮೀನಿಗೆ ಹಕ್ಕು ಕೇಳಿದ್ದಿರಿ. ಗ್ರಾಮ ಸಭೆ ನಿಮ್ಮ ಅರ್ಜಿಯನ್ನು ಒಪ್ಪಿ ಮೇಲಕ್ಕೆ ಕಳಿಸಿತ್ತು. ಉಪವಿಭಾಗ ಮಟ್ಟದ ಸಮಿತಿ 2025ರ ನವೆಂಬರ್ 3ರಂದು ಅದನ್ನು ತಿರಸ್ಕರಿಸಿದೆ. ಮೂರು ತಲೆಮಾರಿನಿಂದ ಇಲ್ಲಿದ್ದೀರಿ ಎಂಬುದಕ್ಕೆ ದಾಖಲೆ ಸಾಲದು ಎಂಬುದು ಅದು ಕೊಟ್ಟ ಕಾರಣ. ನೀವು ಇಲ್ಲಿ ವಾಸವಿಲ್ಲ ಎಂದಾಗಲಿ, ಸುಳ್ಳು ಹೇಳಿದ್ದೀರಿ ಎಂದಾಗಲಿ ನೋಟೀಸಿನಲ್ಲಿ ಎಲ್ಲೂ ಇಲ್ಲ. ಇಲ್ಲದ್ದನ್ನು ಓದಿಕೊಂಡು ಯಾರೂ ಕಂಗೆಡುವುದು ಬೇಡ.

ಕಾಯ್ದೆಯ ಲೆಕ್ಕದಲ್ಲಿ ಒಂದು ತಲೆಮಾರು ಅಂದರೆ 25 ವರ್ಷ. ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ನೆಲೆಸಿ ಅದನ್ನು ನಂಬಿ ಬದುಕಿದವರಾಗಿರಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗಿ ನಿಲ್ಲುತ್ತದೆ. ಆಗ ರೇಶನ್ ಕಾರ್ಡಿರಲಿಲ್ಲ. ನಮ್ಮ ಜಿಲ್ಲೆ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ಅಜ್ಜನ ಹೆಸರಿನ ಕಾಗದ ಪೆಟ್ಟಿಗೆಯಲ್ಲಿ ಸಿಗದಿದ್ದರೆ ಆಶ್ಚರ್ಯವಿಲ್ಲ.

ಹಕ್ಕು ಕೇಳಿದ ಜಮೀನು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ನಿಮ್ಮ ಸ್ವಾಧೀನದಲ್ಲಿರಬೇಕು ಎಂಬುದು ಬೇರೆಯೇ ಷರತ್ತು. 75 ವರ್ಷದ ಮಾತು ವಾಸಕ್ಕೆ ಸಂಬಂಧಿಸಿದ್ದು. ಮನವಿಯಲ್ಲಿ ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಬರೆಯಿರಿ. ಕಲಸಿ ಬರೆದರೆ ಓದುವವರೂ ಕಲಸಿಯೇ ಓದುತ್ತಾರೆ.

ನಮ್ಮೂರಿನ ಸಿದ್ದಿ ಮನೆಗಳವರು ಇದನ್ನು ಗಮನಿಸಬೇಕು. ಉತ್ತರ ಕನ್ನಡದ ಸಿದ್ದಿಯರು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಅವರಿಗೆ 75 ವರ್ಷದ ಷರತ್ತೇ ಇಲ್ಲ. ನಿಮಗೂ ಇದೇ ಕಾರಣ ಬರೆದ ನೋಟೀಸು ಬಂದಿದ್ದರೆ ಮನವಿಯ ಮೊದಲ ಸಾಲಿನಲ್ಲೇ ಅದನ್ನು ಹೇಳಿ, ಜಾತಿ ಪ್ರಮಾಣಪತ್ರದ ಪ್ರತಿ ಲಗತ್ತಿಸಿ.

ನೀವು ಏನು ಮಾಡಬಹುದು

ಕಾರವಾರದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಗೆ ಮನವಿ ಕೊಡಬಹುದು. ಇದು ನಿಮ್ಮ ಹಕ್ಕು, ಯಾರ ದಯೆಯೂ ಅಲ್ಲ. ನಿಮ್ಮ ಮಾತು ಹೇಳಲು ಅವಕಾಶ ಕೊಡದೆ ನಿಮಗೆ ವಿರುದ್ಧವಾಗಿ ಮನವಿಯನ್ನು ಇತ್ಯರ್ಥ ಮಾಡುವ ಹಾಗಿಲ್ಲ ಎಂದು ಕಾಯ್ದೆಯ 6ನೇ ಕಲಮು ಹೇಳುತ್ತದೆ. ಆದರೆ ಈ ಕಾಯ್ದೆಯಡಿ ಆ ಸಮಿತಿಯ ತೀರ್ಮಾನವೇ ಕೊನೆಯದು. ಹಾಗಾಗಿ ಇರುವ ಪುರಾವೆಯನ್ನೆಲ್ಲ ಈ ಸಲವೇ ಕೊಡಿ, ಮುಂದೆ ನೋಡೋಣ ಎಂದು ಒಂದನ್ನೂ ಎತ್ತಿಡಬೇಡಿ.

60 ದಿನ ಯಾವತ್ತಿನಿಂದ? ಆದೇಶದ ದಿನದಿಂದ ಎಂದು ನೋಟೀಸು ಹೇಳುತ್ತದೆ, ಕಾಯ್ದೆಯಲ್ಲೂ ಹಾಗೇ ಇದೆ. 2012ರಲ್ಲಿ ತಿದ್ದಿದ ನಿಯಮಗಳು ನಿಮಗೆ ತಿಳಿಸಿದ ದಿನದಿಂದ ಎನ್ನುತ್ತವೆ. ಮೊದಲನೆಯ ಲೆಕ್ಕಕ್ಕೆ 2026ರ ಜನವರಿ 2 ಕೊನೆಯ ದಿನ, ಎರಡನೆಯದಕ್ಕೆ ಜನವರಿ 9. ಈ ವಾದವನ್ನು ನಾವು ಕಚೇರಿಯ ಬಾಗಿಲಲ್ಲಿ ನಿಂತು ಮಾಡುವುದು ಬೇಡ. ಜನವರಿ 2 ಎಂದೇ ಹಿಡಿಯಿರಿ, ಸಾಧ್ಯವಾದರೆ ಡಿಸೆಂಬರಿನಲ್ಲೇ ಮುಗಿಸಿ. ಸಮಿತಿ ಮನಸ್ಸು ಮಾಡಿದರೆ ಇನ್ನೂ 30 ದಿನ ಕೊಡಬಹುದು. ಕೊಡಲೇಬೇಕೆಂದಿಲ್ಲ. ಅಡಿಕೆ ಕೊಯ್ಲು ಮುಗಿಯಲಿ ಎಂದು ಕಾಯುವವರು ಈ ಮಾತನ್ನು ಇನ್ನೊಮ್ಮೆ ಓದಿ.

ಇನ್ನು ಪುರಾವೆ. 13ನೇ ನಿಯಮ ಹೇಳುವ ಪುರಾವೆಗಳಲ್ಲಿ ಸರ್ಕಾರಿ ಕಾಗದ ಒಂದು ಬಗೆ ಮಾತ್ರ. ಮತದಾರರ ಗುರುತಿನ ಚೀಟಿ, ರೇಶನ್ ಕಾರ್ಡು, ಮನೆ ತೆರಿಗೆ ರಸೀದಿ, ಹಳೆಯ ಸರ್ವೆ ನಕಾಶೆ, ಗೆಜೆಟಿಯರ್ ಎಲ್ಲ ಆ ಬಗೆಗೆ ಸೇರುತ್ತವೆ. ಮನೆ, ಸಮ ಮಾಡಿದ ನೆಲ, ಕಟ್ಟಿದ ಒಡ್ಡು, ತೆಗೆದ ಬಾವಿ, ಹೂಳಿದ ಜಾಗ, ಪೂಜೆ ನಡೆಯುವ ಸ್ಥಳ ಕೂಡ ಪುರಾವೆಯೇ. ನಿಮ್ಮ ತೋಟದ ಅಂಚಿನ ಚೌಡಿ ಕಟ್ಟೆಗೆ ಮೂರು ತಲೆಮಾರಿನಿಂದ ಪೂಜೆ ನಡೆಯುತ್ತಿದ್ದರೆ ಅದರ ಫೋಟೋ ತೆಗೆಸಿ, ಎಷ್ಟು ಕಾಲದಿಂದ ಯಾರು ಪೂಜೆ ಮಾಡುತ್ತ ಬಂದಿದ್ದಾರೆ ಎಂದು ಕೆಳಗೆ ಬರೆಯಿರಿ. ಹಳೆಯ ದಾಖಲೆಯೊಂದರಲ್ಲಿ ನಿಮ್ಮ ಪೂರ್ವಜರ ಹೆಸರು ಸಿಕ್ಕರೆ ಅವರಿಂದ ನಿಮ್ಮವರೆಗಿನ ವಂಶವೃಕ್ಷವೂ ನಡೆಯುತ್ತದೆ.

ಊರಿನ ಹಿರಿಯರ ಲಿಖಿತ ಹೇಳಿಕೆಗೂ ನಿಯಮದಲ್ಲಿ ಜಾಗವಿದೆ. ಹೇಳಿಕೆ ಕೊಡುವವರು ಸ್ವತಃ ಅರ್ಜಿದಾರರಾಗಿರಬಾರದು. "ಇವರು ಬಹಳ ಹಿಂದಿನಿಂದ ಇದ್ದಾರೆ" ಎಂದು ಬರೆಸಿದರೆ ಏನೂ ಹೇಳಿದಂತಾಗುವುದಿಲ್ಲ. "ನಾನು ಶಾಲೆಗೆ ಹೋಗುವಾಗ ಇವರ ಅಜ್ಜ ಹಳ್ಳದ ಪಕ್ಕದ ಗದ್ದೆಯಲ್ಲಿ ನಾಟಿ ಮಾಡಿಸುತ್ತಿದ್ದರು, ಆಗಲೇ ಅವರಿಗೆ ವಯಸ್ಸಾಗಿತ್ತು, ಅವರ ಹೆಸರು ಇದು" ಎಂಬ ಮಾತಿಗೆ ತೂಕವಿದೆ. ಕಂಡದ್ದನ್ನಷ್ಟೇ ಬರೆಸಿ. ಇಸವಿ ನೆನಪಿಲ್ಲದಿದ್ದರೆ ಊಹಿಸಿ ಹಾಕಿಸಬೇಡಿ.

ಸಮಿತಿಗಳು ಒಂದಕ್ಕಿಂತ ಹೆಚ್ಚು ಬಗೆಯ ಪುರಾವೆಯನ್ನು ಪರಿಗಣಿಸಬೇಕು ಎನ್ನುತ್ತದೆ ಅದೇ ನಿಯಮ. ಇಂಥದ್ದೇ ಕಾಗದ ಬೇಕೆಂದು ಪಟ್ಟು ಹಿಡಿಯುವ ಹಾಗಿಲ್ಲ ಎಂಬುದು 12ಎ ನಿಯಮದಲ್ಲಿದೆ. ಅತಿಕ್ರಮಣದ ಹಳೆಯ ಪಟ್ಟಿ, ದಂಡದ ರಸೀದಿ ಇಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳುವಂತಿಲ್ಲ ಎಂದೂ ಅಲ್ಲೇ ಇದೆ. ಮನವಿಯಲ್ಲಿ ಈ ನಿಯಮಗಳ ಸಂಖ್ಯೆಯನ್ನು ತಪ್ಪದೆ ಕಾಣಿಸಿ.

ಸುಮ್ಮನಿದ್ದರೆ

"ಮುಂದಿನ ಕ್ರಮ ನಿಯಮಾನುಸಾರ" ಎಂಬ ಮಾತಿಗೆ ನಾಳೆಯೇ ಬಂದು ತೋಟ ಬಿಡಿಸುತ್ತಾರೆ ಎಂಬ ಅರ್ಥವಿಲ್ಲ. ಹಕ್ಕು ಗುರುತಿಸಿ ಪರಿಶೀಲಿಸುವ ಕೆಲಸ ಪೂರ್ತಿಯಾಗುವವರೆಗೆ ಅರಣ್ಯವಾಸಿಗಳನ್ನು ಒಕ್ಕಲೆಬ್ಬಿಸುವಂತಿಲ್ಲ ಎಂದು 4ನೇ ಕಲಮಿನ 5ನೇ ಉಪಕಲಮು ಹೇಳುತ್ತದೆ. ಹಾಗೆಂದು ಆ ಮಾತಿಗೆ ಅರ್ಥವೇ ಇಲ್ಲವೆಂದೂ ಅಲ್ಲ: ಗಡುವು ದಾಟಿಸಿದರೆ ನಿಮ್ಮ ಮಟ್ಟಿಗೆ ಆ ಕೆಲಸ ಮುಗಿಯಿತು ಎನ್ನಲು ದಾರಿಯಾಗುತ್ತದೆ. 2019ರ ಸುಪ್ರೀಂ ಕೋರ್ಟ್ ಆದೇಶದ ಬಗ್ಗೆ ಕೇಳುವವರು ಈಗಲೂ ಇದ್ದಾರೆ. ಅರ್ಜಿ ತಿರಸ್ಕೃತವಾದವರನ್ನು ತೆರವು ಮಾಡಬೇಕೆಂಬ ಆ ಫೆಬ್ರವರಿ 13ರ ಆದೇಶವನ್ನು ಕೋರ್ಟೇ ಅದೇ ತಿಂಗಳ 28ರಂದು ತಡೆಹಿಡಿಯಿತು.

ಮನವಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ದೇವಿಮನೆ ಘಾಟಿ ಇಳಿದು ಕಾರವಾರಕ್ಕೇ ಹೋಗಿ ಕೊಡುವವರು ನಿಮ್ಮ ಪ್ರತಿಯ ಮೇಲೆ ತಾರೀಖು ಸಮೇತ ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಮರಳಬೇಡಿ. ಮೂಲ ಕಾಗದಗಳನ್ನು ಯಾರಿಗೂ ಕೊಡಬೇಡಿ, ಝೆರಾಕ್ಸ್ ಸಾಕು. ಬರೆಯಲು ಕಷ್ಟವಾಗುವವರು ನವೆಂಬರ್ 23, ಭಾನುವಾರ ಮಧ್ಯಾಹ್ನ 3ಕ್ಕೆ ಪಂಚಾಯತ ಸಭಾಭವನಕ್ಕೆ ಬನ್ನಿ. ನೋಟೀಸು, ಹಳೆಯ ಅರ್ಜಿಯ ಪ್ರತಿ, ಜಿಪಿಎಸ್ ನಕಾಶೆ ಜೊತೆಗಿರಲಿ. ಹೇಳಿಕೆ ಕೊಡಲು ಒಪ್ಪಿದ ಹಿರಿಯರನ್ನು ಅಂದೇ ಕರೆತನ್ನಿ, ಅವರ ಹೇಳಿಕೆಯನ್ನು ಮೊದಲು ಬರೆದು ಕಳಿಸಿಕೊಡುತ್ತೇವೆ.