ಅಂಬಾಬಾಯಿಗೆ ಬೇರೆ ಯಾವ ದಾರಿಯಿತ್ತು?

ಕಲಬುರಗಿಯ ನಮ್ಮ ಓದುಗೋಷ್ಠಿಯಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಕಾದಂಬರಿ ಓದಿದಾಗ ಗೆಳತಿಯೊಬ್ಬಳು ನಾಯಕಿ ಇಂದಿರೆಯ ತಾಯಿ ಅಂಬಾಬಾಯಿಯ ಮೇಲೆ ಸಿಟ್ಟಾದಳು. ವಿಧವೆ ಮಗಳನ್ನು ಸಂತರ ಸೇವೆಗೆ ಹಚ್ಚುವವಳು ತಾಯಿಯೇ? ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಿಲ್ಲ. ಅಂಬಾಬಾಯಿಯ ಮಾನ, ಊಟ, ನೆಂಟಸ್ತಿಕೆ ಎಲ್ಲವೂ ಜಾತಿಯ ಕೈಯಲ್ಲಿತ್ತು. ಬಹಿಷ್ಕಾರವೆಂದರೆ ಮನೆಗೆ ಮನೆಯೇ ಒಂಟಿಯಾಗುವುದು. 1856ರ ಕಾಯ್ದೆ ವಿಧವಾ ವಿವಾಹಕ್ಕೆ ಅನುಮತಿ ಕೊಟ್ಟಿತು ನಿಜ, ಆದರೆ ಮರುಮದುವೆಯಾದವಳು ಮೊದಲ ಗಂಡನ ಆಸ್ತಿಯ ಹಕ್ಕು ಕಳೆದುಕೊಳ್ಳುತ್ತಿದ್ದಳು. ಹೀಗಿರುವಾಗ ಅವಳ ಭಕ್ತಿಯನ್ನು ಬರೀ ಮೂಢತನವೆಂದು ತಳ್ಳಿಹಾಕಲಾರೆ. ಅಡುಗೆಮನೆಯಾಚೆ ಹೆಣ್ಣಿಗೆ ಮರ್ಯಾದೆ ಸಿಗುತ್ತಿದ್ದ ಕೆಲವೇ ಜಾಗಗಳಲ್ಲಿ ಅದೂ ಒಂದು.

ನನ್ನ ಪ್ರಶ್ನೆ ಕಾದಂಬರಿಯ ಹಂದರದ ಬಗ್ಗೆ. ಇಂದಿರೆ ತಂದೆಯ ಮನೆ ಬಿಟ್ಟು ಸೇರುವುದು ಸುಧಾರಣಾವಾದಿ ಅಮೃತರಾಯರ ಆಶ್ರಯವನ್ನು. ಅವಳ ಓದಿಗೂ ಮದುವೆಗೂ ಗಂಡಸರ ಔದಾರ್ಯವೇ ಆಧಾರ. ಅದನ್ನು ಇಂದಿರೆಯ ದೌರ್ಬಲ್ಯವೆಂದು ನಾನು ಓದುವುದಿಲ್ಲ. ಆ ಕಾಲದ ಸುಧಾರಣೆ ಹೆಣ್ಣಿಗೆ ಎಷ್ಟು ಬಾಗಿಲು ತೆರೆಯಬಲ್ಲದಾಗಿತ್ತು ಎಂಬ ಅಳತೆ ಅಲ್ಲಿದೆ. ಆ ಹೊಸ್ತಿಲು ದಾಟುವ ನಿರ್ಧಾರ ಮಾತ್ರ ಇಂದಿರೆಯದೇ.