ಹನ್ನೆರಡು ವಾರಗಳ ಪೂರ್ವತಯಾರಿ: ಪ್ರೌಢಶಾಲಾ ಬಾಲಕರ ಕ್ರಿಕೆಟ್ ತಂಡ, ತಿಪಟೂರು

ಅವಧಿ: ಆಗಸ್ಟ್ 3ರ ಸೋಮವಾರದಿಂದ ಅಕ್ಟೋಬರ್ 25ರ ಭಾನುವಾರದವರೆಗೆ. ಮೊದಲ ಪಂದ್ಯ: ಅಕ್ಟೋಬರ್ 31, ಶನಿವಾರ. ತಲಾ 30 ಓವರ್, ಮ್ಯಾಟಿಂಗ್ ಪಿಚ್, ಒಬ್ಬ ಬೌಲರ್‌ಗೆ ಗರಿಷ್ಠ 6 ಓವರ್.

ಇದನ್ನು ಓದಬೇಕಾದವರು: ತಂಡದ 16 ಹುಡುಗರು, ಶನಿವಾರ ನನಗೆ ನೆರವಾಗುವ ಗಣಿತದ ಮೇಷ್ಟ್ರು, ಪೋಷಕರು. ಮುಖ್ಯೋಪಾಧ್ಯಾಯರಿಗೂ ಒಂದು ಪ್ರತಿ ಕೊಟ್ಟಿದ್ದೇನೆ.

ನಮ್ಮ ಕೈಯಲ್ಲಿರುವ ಸಮಯ

ಮಂಗಳವಾರ ಮತ್ತು ಗುರುವಾರ ಸಂಜೆ 4.15ರಿಂದ 5.30. ಹಳ್ಳಿಯ ಹುಡುಗರು 5.45ರ ಬಸ್ ಹಿಡಿಯಬೇಕಾಗಿರುವುದರಿಂದ ಐದು ನಿಮಿಷವೂ ಹೆಚ್ಚಿಗೆ ಸಿಗುವುದಿಲ್ಲ. ಶನಿವಾರ ಬೆಳಿಗ್ಗೆ 7ರಿಂದ 9.30. ವಾರಕ್ಕೆ 5 ಗಂಟೆಯಂತೆ 12 ವಾರಕ್ಕೆ 60 ಗಂಟೆ. ಅದು ಕಾಗದದ ಲೆಕ್ಕ. ಎರಡನೇ ವಾರದ ಶನಿವಾರವೇ ಸ್ವಾತಂತ್ರ್ಯ ದಿನ. ಏಳನೇ ವಾರ ಗೌರಿ ಗಣೇಶ ಹಬ್ಬದಿಂದಾಗಿ ಮಂಗಳವಾರ ಯಾರೂ ಬರುವುದಿಲ್ಲ. ಎಂಟನೇ ವಾರ ಸಂಕಲನಾತ್ಮಕ ಪರೀಕ್ಷೆ. ಆ ವಾರ ಸಿಗುವುದು ಶನಿವಾರದ ಒಂದು ಗಂಟೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗುಡುಗಿನ ಮಳೆ ಸಂಜೆಯೇ ಸುರಿಯುತ್ತದೆ, ಐದು ಸಂಜೆಗಳಾದರೂ ಹೋಗುತ್ತವೆ ಎಂದು ಹಿಡಿದಿದ್ದೇನೆ. ಉಳಿಯುವುದು ಸುಮಾರು 46 ಗಂಟೆ.

ಹಾಗಾಗಿ ಈ ಯೋಜನೆಯಲ್ಲಿ ಶಾಲೆಯ ಕ್ಯಾಲೆಂಡರ್ ಜೊತೆ ಜಗಳವಾಡಿಲ್ಲ. ಬೆಳೆಯುವ ಮೈಗೆ ಮೂರು ವಾರ ಹೊರೆ ಏರಿಸಿದ ಮೇಲೆ ಒಂದು ವಾರ ಇಳಿಸಲೇಬೇಕು. ಪರೀಕ್ಷೆಯ ವಾರವೇ ಆ ಇಳಿಕೆಯ ವಾರ. ಇನ್ನೊಂದು ನಿರ್ಧಾರ: ಪ್ರತಿ ವಾರಕ್ಕೂ ಒಂದೇ ಮುಖ್ಯ ವಿಷಯ. ಎಲ್ಲವನ್ನೂ ಪ್ರತಿ ಸಂಜೆ ಮುಟ್ಟಿಸುವ ಆಸೆಯನ್ನು ಬಿಟ್ಟಿದ್ದೇನೆ.

ನೆಟ್ ಬಗ್ಗೆ ಮೊದಲೇ ಒಂದು ಮಾತು

ಹುಡುಗರಿಗೆ ಅಭ್ಯಾಸವೆಂದರೆ ನೆಟ್‌ನಲ್ಲಿ ಬ್ಯಾಟಿಂಗ್. ನಮಗಿರುವುದು ಒಂದೇ ನೆಟ್. 75 ನಿಮಿಷದಲ್ಲಿ ಮೈ ಬಿಸಿ ಮಾಡಿಕೊಳ್ಳಲು 15 ನಿಮಿಷ ಕಳೆದರೆ ಉಳಿಯುವ 60 ನಿಮಿಷವನ್ನು 16 ಜನಕ್ಕೆ ಹಂಚಿ ನೋಡಿ, ತಲೆಗೆ ನಾಲ್ಕು ನಿಮಿಷವೂ ಬರುವುದಿಲ್ಲ. ಆ ನಾಲ್ಕು ನಿಮಿಷಕ್ಕಾಗಿ ಉಳಿದವರು ಗೋಡೆ ಮೇಲೆ ಕುಳಿತು ಕಾಲು ಆಡಿಸುವುದು ಈ ವರ್ಷ ಇರುವುದಿಲ್ಲ.

ಸಂಜೆಯ ಕ್ರಮ ಹೀಗಿರುತ್ತದೆ: 10 ನಿಮಿಷ ಮೈ ಬಿಸಿ, ಬಳಿಕ ಮೂರು ಗುಂಪುಗಳಾಗಿ 18 ನಿಮಿಷದ ಮೂರು ಸರದಿ, ಕೊನೆಗೆ 10 ನಿಮಿಷ ಎಲ್ಲರೂ ಸೇರಿ ವಿಕೆಟ್‌ಗಳ ನಡುವಿನ ಓಟ. ಒಂದು ಸರದಿ ನೆಟ್‌ನಲ್ಲಿ, ಇಬ್ಬಿಬ್ಬರು ಬ್ಯಾಟರ್‌ಗಳು ಆರು ಎಸೆತಕ್ಕೊಮ್ಮೆ ಬದಲಾಗುತ್ತಾ. ಇನ್ನೊಂದು ಫೀಲ್ಡಿಂಗ್. ಮೂರನೆಯದು ಬೇವಿನ ಮರದ ಕೆಳಗೆ: ಕಾಲುಚೀಲದಲ್ಲಿ ಕಟ್ಟಿ ತೂಗುಬಿಟ್ಟ ಚೆಂಡಿಗೆ ನೇರ ಬ್ಯಾಟಿನ ಹೊಡೆತ, ಮೊಣಕಾಲೂರಿ ಎಸೆದ ಚೆಂಡಿಗೆ ಡ್ರೈವ್. ನೆಟ್‌ನ ನಾಲ್ಕು ನಿಮಿಷಕ್ಕಿಂತ ಹತ್ತು ಪಟ್ಟು ಹೆಚ್ಚು ಚೆಂಡು ಬ್ಯಾಟಿಗೆ ತಗಲುವುದು ಮರದ ಕೆಳಗೇ. ಅದನ್ನು ಸಣ್ಣಹುಡುಗರ ಆಟವೆಂದು ನಗುವವರು ಅಲ್ಲಿಗೆ ಎರಡು ಸರದಿ ಹೋಗಲಿ.

ಮೊದಲ ಘಟ್ಟ, 1ರಿಂದ 4ನೇ ವಾರ: ಮೈ ಕಟ್ಟುವುದು

ಬೇಸಿಗೆಯೆಲ್ಲ ಟೆನಿಸ್ ಚೆಂಡಿನಲ್ಲಿ ಆಡಿ ಬಂದವರು ನೀವು. ಹಗುರ ಚೆಂಡಿಗೆ ಅಡ್ಡ ಬ್ಯಾಟ್ ಬೀಸಿದರೂ ರನ್ ಬರುತ್ತದೆ, ಭುಜಕ್ಕೆ ಶ್ರಮವಿಲ್ಲ. 156 ಗ್ರಾಂ ತೂಕದ ಚರ್ಮದ ಚೆಂಡನ್ನು ಮೊದಲ ದಿನವೇ ಬೌಂಡರಿಯಿಂದ ಎಸೆದರೆ ಭುಜ, ಮೊಣಕೈ ಎರಡೂ ನೋಯುತ್ತವೆ. ಆದ್ದರಿಂದ ಎಸೆತದ ದೂರ ಮೊದಲ ವಾರ 15 ಮೀಟರ್, ನಾಲ್ಕನೇ ವಾರಕ್ಕೆ 35.

ಮೊದಲ ಮಂಗಳವಾರ ಅಳತೆ. 20 ಮೀಟರ್ ಓಟ. ಬ್ಯಾಟ್ ಹಿಡಿದು ಮೂರು ರನ್. ಪ್ಲಾಂಕ್‌ನಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ. ಹತ್ತು ಕ್ಯಾಚಿನಲ್ಲಿ ಎಷ್ಟು. ಮೂರು ರನ್ನಿನ ಓಟವನ್ನು ಕ್ರೀಸಿನಿಂದ ಕ್ರೀಸಿಗೆ ಅಳೆಯುತ್ತೇವೆ, ಒಂದು ರನ್ನಿಗೆ 17.68 ಮೀಟರ್. ಭಾರತ ತಂಡದವರ ಯೋ-ಯೋ ಪರೀಕ್ಷೆ ನಮಗೂ ಬೇಕೆಂದು ಕಳೆದ ವರ್ಷದಿಂದ ಕೆಲವರು ಕೇಳುತ್ತಿದ್ದೀರಿ. ಬೇಡ. ಅದಕ್ಕೆ ಹೋಗುವ ಅರ್ಧ ಸಂಜೆಯಲ್ಲಿ ಮೂವತ್ತು ಕ್ಯಾಚ್ ಹಿಡಿಯಬಹುದು.

ವ್ಯಾಯಾಮಕ್ಕೆ ಜಿಮ್ ಬೇಕಾಗಿಲ್ಲ. ಬಸ್ಕಿ, ಒಂಟಿಕಾಲಿನ ಬಸ್ಕಿ, ದಂಡ, ಪ್ಲಾಂಕ್, ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಎತ್ತುವುದು. ಇವನ್ನು ಸೋಮವಾರ ಮತ್ತು ಶುಕ್ರವಾರ ಮನೆಯಲ್ಲೇ 20 ನಿಮಿಷ ಮಾಡಬೇಕು. ಮೈದಾನದ ಸಮಯವನ್ನು ಇದಕ್ಕೆ ಖರ್ಚು ಮಾಡುವುದಿಲ್ಲ. ಮಾಡಿದ್ದಕ್ಕೆ ಮನೆಯವರ ಸಹಿ ಬೇಕು, ಅಣ್ಣನ ಸಹಿ ನಡೆಯುವುದಿಲ್ಲ.

ವಾರಗಳ ಮುಖ್ಯ ವಿಷಯ: ಒಂದು, ನಿಲುವು ಮತ್ತು ಬ್ಯಾಟಿನ ಹಿಡಿತ. ಎರಡು, ನೆಲದ ಚೆಂಡನ್ನು ಎತ್ತಿಕೊಳ್ಳುವುದು. ಕವಾಯತಿಗಾಗಿ ಮೈದಾನಕ್ಕೆ ಸುಣ್ಣ ಹಾಕಿರುತ್ತಾರೆ, ಅಂಚಿನಲ್ಲೇ ಇದನ್ನು ಮಾಡಿಕೊಳ್ಳಬಹುದು. ಮೂರು, ಚರ್ಮದ ಚೆಂಡಿನಲ್ಲಿ ನೆಟ್ ಆರಂಭ, ಮುಂಗಾಲಿನ ರಕ್ಷಣಾತ್ಮಕ ಆಟ. ನಾಲ್ಕು, ಇಳಿಕೆ: ಮಂಗಳವಾರ, ಗುರುವಾರ ಎಂದಿನಂತೆ, ಆದರೆ ಎಲ್ಲ ಲೆಕ್ಕವೂ ಮುಕ್ಕಾಲು ಪಾಲು. ಶನಿವಾರ ಬೇಕಾದರೆ ಫುಟ್‌ಬಾಲ್ ಆಡಿ.

ಈ ಘಟ್ಟದಲ್ಲಿ ಯಾರನ್ನೂ ಬ್ಯಾಟರ್, ಬೌಲರ್ ಎಂದು ವಿಂಗಡಿಸುವುದಿಲ್ಲ. ಎಲ್ಲರೂ ಎಲ್ಲವನ್ನೂ ಮಾಡುತ್ತಾರೆ. ಅನಿಲ್ ಕುಂಬ್ಳೆಯವರೂ ಹುಡುಗರಾಗಿದ್ದಾಗ ಮಧ್ಯಮ ವೇಗದ ಬೌಲರ್ ಆಗಿದ್ದವರು.

ಎರಡನೇ ಘಟ್ಟ, 5ರಿಂದ 8ನೇ ವಾರ: ಕೈಚಳಕ

ಇಲ್ಲಿಂದ ಪಾತ್ರಗಳು. ಐದನೇ ವಾರ ಬೌಲರ್‌ಗಳಿಗೆ ಸೇರಿದ್ದು: ಮ್ಯಾಟಿನ ಮೇಲೆ ಆಫ್ ಸ್ಟಂಪಿನ ಹೊರಗೆ ಒಂದು ಟವೆಲ್ ಹಾಸುತ್ತೇನೆ, ಆರರಲ್ಲಿ ನಾಲ್ಕು ಅದರ ಮೇಲೆ ಬೀಳಬೇಕು. ತೆಂಗಿನ ನಾರಿನ ಮ್ಯಾಟಿನಲ್ಲಿ ಚೆಂಡು ಮಣ್ಣಿನ ಪಿಚ್‌ಗಿಂತ ಹೆಚ್ಚು ಪುಟಿಯುತ್ತದೆ, ಸ್ಪಿನ್ನರ್‌ಗಳಿಗೆ ಹೆಚ್ಚು ತಿರುಗುತ್ತದೆ. ಗಿಡ್ಡ ಎಸೆತ ಹಾಕಿ ಬ್ಯಾಟರ್‌ನನ್ನು ಹೆದರಿಸುವ ಆಸೆ ಆಗ ಹುಟ್ಟುತ್ತದೆ. ಹದಿನೈದರ ಹುಡುಗರ ಪಂದ್ಯಗಳನ್ನು ಗೆಲ್ಲಿಸುವುದು ಪೂರ್ಣ ಉದ್ದದ ನೇರ ಎಸೆತ.

ಆರನೇ ವಾರ ಹಿಂಗಾಲಿನ ಆಟ, ಅದೇ ಪುಟಿತದ ಕಾರಣಕ್ಕೆ. ಹೆಲ್ಮೆಟ್ ಇಲ್ಲದೆ ಯಾರೂ ಚರ್ಮದ ಚೆಂಡು ಎದುರಿಸುವಂತಿಲ್ಲ. ಸ್ಟಂಪಿಗೆ ಅಂಟಿ ನಿಲ್ಲುವ ಕೀಪರ್‌ಗೂ ಇದೇ ನಿಯಮ. ಶಾಲೆಯಲ್ಲಿರುವುದು ಮೂರು ಹೆಲ್ಮೆಟ್. ಸರದಿಗಳನ್ನು ಅದಕ್ಕೆ ಹೊಂದಿಸಿಯೇ ಮಾಡಿದ್ದೇನೆ.

ಏಳನೇ ವಾರ ಒಂಟಿ ರನ್. ಹೋದ ವರ್ಷದ ಸ್ಕೋರ್ ಪುಸ್ತಕ ತೆರೆದರೆ ನಮ್ಮ ಕಾಯಿಲೆ ಅಲ್ಲೇ ಕಾಣುತ್ತದೆ: ಸಾಲುಸಾಲು ಚುಕ್ಕಿ, ನಡುವೆ ಒಂದು ಬೌಂಡರಿ, ಮರು ಎಸೆತಕ್ಕೆ ವಿಕೆಟ್. ಶನಿವಾರ 10 ಓವರ್‌ಗಳ ಆಟದಲ್ಲಿ ಬೌಂಡರಿಗೆ ಒಂದೇ ರನ್, ಓಡಿದ ಒಂಟಿ ರನ್ನಿಗೆ ಎರಡು. ಸತತ ಮೂರು ಎಸೆತ ರನ್ ಬಾರದಿದ್ದರೆ ಬ್ಯಾಟರ್ ಹೊರಗೆ. ಕೂಗು ಮೂರೇ: ಬಾ, ಬೇಡ, ನಿಲ್ಲು. ‘ನೋಡೋಣ’ ಎಂದು ಕೂಗಿದವನು ಮ್ಯಾಟ್ ಸುತ್ತಿಡಬೇಕು.

ಎಂಟನೇ ವಾರ ಪರೀಕ್ಷೆ. ಶನಿವಾರ ಒಂದು ಗಂಟೆ, ಬರೀ ಕ್ಯಾಚ್ ಮತ್ತು ನಗು. ಹತ್ತನೇ ತರಗತಿಯ ಐವರು ಬಾರದಿದ್ದರೂ ನಡೆಯುತ್ತದೆ.

ಬೌಲಿಂಗ್ ಲೆಕ್ಕ

ಇದನ್ನು ಪೋಷಕರು ಗಮನವಿಟ್ಟು ಓದಬೇಕು. ಈ ವಯಸ್ಸಿನಲ್ಲಿ ಬೆನ್ನುಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ವೇಗದ ಬೌಲಿಂಗ್‌ನಲ್ಲಿ ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ ತಿರುಚಿದಾಗ ಕೆಳಬೆನ್ನಿನ ಎಲುಬಿನಲ್ಲಿ ಸಣ್ಣ ಬಿರುಕು ಬರುವ ಅಪಾಯವಿದೆ, ಅದು ಮಾಯಲು ತಿಂಗಳುಗಳೇ ಬೇಕು. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಎಳೆಯ ವೇಗಿಗಳ ಓವರ್‌ಗಳಿಗೆ ವಯಸ್ಸಿನ ಪ್ರಕಾರ ಮಿತಿ ಹಾಕಿರುವುದು ಇದೇ ಭಯಕ್ಕೆ.

ನಮ್ಮ ನಾಲ್ವರು ವೇಗಿಗಳಿಗೆ ವಾರದ ಎಸೆತಗಳ ಮಿತಿ ಹೀಗೆ: ಮೊದಲೆರಡು ವಾರ 48, ಮೂರಕ್ಕೆ 60, ನಾಲ್ಕಕ್ಕೆ 48, ಐದಕ್ಕೆ 72, ಆರಕ್ಕೆ 84, ಏಳಕ್ಕೆ 72, ಪರೀಕ್ಷೆಯ ವಾರ 24, ಒಂಬತ್ತಕ್ಕೆ 84, ಹತ್ತು ಮತ್ತು ಹನ್ನೊಂದಕ್ಕೆ 96, ಕೊನೆಯ ವಾರ 48. ಒಂದು ದಿನಕ್ಕೆ 36 ದಾಟುವಂತಿಲ್ಲ. ಪಂದ್ಯದಲ್ಲಿ ಒಂದು ಸ್ಪೆಲ್ 4 ಓವರ್. ಭಾನುವಾರ ಬೀದಿಯಲ್ಲಿ ಹಾಕಿದ ಓವರ್‌ಗಳೂ ಲೆಕ್ಕಕ್ಕೆ ಸೇರುತ್ತವೆ. ಗಣಿತದ ಮೇಷ್ಟ್ರ ಬಳಿ ಪುಸ್ತಕವಿದೆ, ಅವರಿಗೆ ಸುಳ್ಳು ಹೇಳುವುದು ಕಷ್ಟ. ಬೆನ್ನು ನೋಯುತ್ತಿದೆ ಎಂದವನು ಅಂದೇ ನಿಲ್ಲಿಸುತ್ತಾನೆ. ಎರಡು ವಾರವಾದರೂ ನೋವು ಹೋಗದಿದ್ದರೆ ಮೂಳೆ ವೈದ್ಯರಿಗೆ ತೋರಿಸಬೇಕು. ಬಾಮು ಹಚ್ಚಿ ಆಡಿಸಬೇಡಿ. ಸ್ಪಿನ್ನರ್‌ಗಳಿಗೆ ಇಷ್ಟು ಬಿಗಿಯಿಲ್ಲ.

ಮೂರನೇ ಘಟ್ಟ, 9ರಿಂದ 11ನೇ ವಾರ: ಪಂದ್ಯದಂತೆ ಆಡುವುದು

ಒಂಬತ್ತರ ಮಂಗಳವಾರ ಮೊದಲ ದಿನದ ಅಳತೆಗಳೇ ಮತ್ತೊಮ್ಮೆ. ಬಳಿಕ ನೆಟ್ ಕಡಿಮೆ, ಮೈದಾನದ ನಡುವೆ ಆಟ ಹೆಚ್ಚು. ಪ್ರತಿ ಸಂಜೆ ಒಂದು ಸಂದರ್ಭ ಕೊಡುತ್ತೇನೆ: 5 ಓವರ್‌ಗಳಲ್ಲಿ 32 ರನ್ ಬೇಕು, ಉಳಿದಿರುವುದು 4 ವಿಕೆಟ್. ಅಥವಾ 3 ವಿಕೆಟ್‌ಗೆ 15 ರನ್, ಇನ್ನೂ 22 ಓವರ್ ಬಾಕಿ. ಎರಡನೆಯದರಲ್ಲಿ ಸಿಕ್ಸರ್ ಹೊಡೆದವನಿಗೆ ಚಪ್ಪಾಳೆ ಇಲ್ಲ. ಫೀಲ್ಡಿಂಗ್ ಹೊಂದಿಸುವುದು ನಾಯಕನ ಕೆಲಸ. ಓವರ್ ಮುಗಿಯುವವರೆಗೆ ನಾನು ಬಾಯಿ ತೆರೆಯುವುದಿಲ್ಲ, ಹಾಗೆ ಇರುವುದು ನನಗೂ ಅಭ್ಯಾಸವಾಗಬೇಕಿದೆ.

ಹತ್ತನೇ ವಾರದ ಶನಿವಾರ ಪಕ್ಕದ ಶಾಲೆಯೊಂದಿಗೆ 20 ಓವರ್. ಹನ್ನೊಂದನೇ ವಾರ ದಸರಾ ರಜೆ, ಅಭ್ಯಾಸ ಬೆಳಿಗ್ಗೆ 7ಕ್ಕೆ. ಗುರುವಾರ ಮತ್ತು ಶನಿವಾರ ತಲಾ 30 ಓವರ್‌ಗಳ ಎರಡು ಪಂದ್ಯ. 16 ಜನರಲ್ಲಿ ಪ್ರತಿಯೊಬ್ಬನಿಗೂ ಒಂದಾದರೂ ಪೂರ್ಣ ಪಂದ್ಯ ಸಿಗುತ್ತದೆ. ಅಜ್ಜಿಯ ಊರಿಗೆ ಹೋಗುವವರು ಹನ್ನೆರಡನೇ ವಾರದ ಮೊದಲಿಗೆ ಹೋಗಿ ಗುರುವಾರದೊಳಗೆ ಬನ್ನಿ.

ನಾಲ್ಕನೇ ಘಟ್ಟ, 12ನೇ ವಾರ: ಹರಿತ ಉಳಿಸಿಕೊಳ್ಳುವುದು

ಹೊತ್ತು ಅರ್ಧ, ಚುರುಕು ಪೂರ್ತಿ. ಓಟ ಕಡಿಮೆಯಿರಲಿ, ಓಡುವುದಾದರೆ ಜೋರಾಗಿ. ಹೊಸ ಹೊಡೆತ, ಹೊಸ ಬೌಲಿಂಗ್ ಶೈಲಿ ಏನನ್ನೂ ಈ ವಾರ ಕಲಿಸುವುದಿಲ್ಲ. ಆಯುಧಪೂಜೆಯ ದಿನ ಅಭ್ಯಾಸವಿಲ್ಲ; ಬ್ಯಾಟುಗಳಿಗೂ ಕುಂಕುಮ ಹಚ್ಚಿ, ಹಿಡಿಕೆಗೆ ಮಾತ್ರ ಬೇಡ, ಜಾರುತ್ತದೆ. ಶನಿವಾರ ಅಭ್ಯಾಸದ ಬಳಿಕ ಆಡುವ ಹನ್ನೊಂದರ ಬಳಗವನ್ನು ಹೇಳುತ್ತೇನೆ. ಆಯ್ಕೆಯಾಗದವರ ಜೊತೆ ಅಂದೇ ಒಬ್ಬೊಬ್ಬರನ್ನೇ ಕರೆದು ಮಾತಾಡುತ್ತೇನೆ. ಪಂದ್ಯದ ವಾರದಲ್ಲಿ ಮಂಗಳವಾರ ಮತ್ತು ಗುರುವಾರ ಹಗುರ ಅಭ್ಯಾಸ ಅಷ್ಟೇ.

ಮಳೆ ಬಂದರೆ

ಗುಡುಗು ಕೇಳಿದ ಕೂಡಲೇ ಎಲ್ಲರೂ ಕಟ್ಟಡದೊಳಗೆ, ಮರದ ಕೆಳಗಲ್ಲ. ಕೊನೆಯ ಗುಡುಗಿನ ನಂತರ 30 ನಿಮಿಷ ಮೈದಾನಕ್ಕೆ ಇಳಿಯುವಂತಿಲ್ಲ, ಅಂದರೆ ಆ ಸಂಜೆ ಮುಗಿದಂತೆಯೇ. ಮೊಗಸಾಲೆಯಲ್ಲಿ ಟೆನಿಸ್ ಚೆಂಡಿನ ಕ್ಯಾಚ್, ಬಳಿಕ ತರಗತಿಯಲ್ಲಿ ಕರಿಹಲಗೆಯ ಮೇಲೆ ಫೀಲ್ಡಿಂಗ್ ಸ್ಥಾನಗಳು. ಒದ್ದೆ ಸಿಮೆಂಟಿನ ಮೇಲೆ ಓಟ ಬೇಡ. ಮಳೆಗೆ ಹೋದ ವಿಷಯವನ್ನು ಮುಂದಿನ ವಾರದ ಮೇಲೆ ಹೇರುವುದಿಲ್ಲ, ಹೋದದ್ದು ಹೋಯಿತು.

ಪೋಷಕರಿಗೆ

ಬಿಸಿಯೂಟ ಮಧ್ಯಾಹ್ನಕ್ಕೇ ಮುಗಿದಿರುತ್ತದೆ, ಸಂಜೆ ನಾಲ್ಕಕ್ಕೆ ಹೊಟ್ಟೆ ಖಾಲಿ. ಎರಡು ಬಾಳೆಹಣ್ಣು ಅಥವಾ ಒಂದು ಹಿಡಿ ಶೇಂಗಾ, ಬೆಲ್ಲ ಚೀಲದಲ್ಲಿ ಹಾಕಿ ಕಳಿಸಿ. ಬಣ್ಣದ ಪಾನೀಯಗಳಿಗೆ ದುಡ್ಡು ಕೊಡಬೇಡಿ, ನೀರು ಸಾಕು. ಹತ್ತನೇ ತರಗತಿಯವರಿಗೆ ಗುರುವಾರ ವಿಶೇಷ ತರಗತಿ ಇದ್ದರೆ ತರಗತಿಗೇ ಹೋಗಲಿ. ಆ ಕಾರಣಕ್ಕೆ ಯಾರನ್ನೂ ತಂಡದಿಂದ ಕೈಬಿಡುವುದಿಲ್ಲ.

ಮೊದಲ ಅಭ್ಯಾಸ ಆಗಸ್ಟ್ 4, ಮಂಗಳವಾರ, ಸಂಜೆ 4.15ಕ್ಕೆ ಧ್ವಜಸ್ತಂಭದ ಬಳಿ. ಲೇಸ್ ಕಟ್ಟುವ ಶೂ, ನೀರಿನ ಬಾಟಲಿ, ಟೋಪಿ ತನ್ನಿ. ಬ್ಯಾಟ್ ಅಂದು ಬೇಡ. ಅಳತೆಯ ಓಟಕ್ಕೆ ಶಾಲೆಯ ಎರಡು ಸಾಕು.