ರವಿವಾರದ ಕಾರ್ಯಕ್ರಮದ ಬಗ್ಗೆ: ಪ್ರೊಫೆಸರ್ ಸರ್ ಅವರಿಗೆ

ಸರ್, ನಮಸ್ಕಾರ.

ಸಹಕಾರಿ ಸಪ್ತಾಹಕ್ಕೆ ಮುಖ್ಯ ಅತಿಥಿಯಾಗಿ ಬರಲು ಒಪ್ಪಿದ್ದಕ್ಕೆ ನಮ್ಮೂರಿನವರಿಗೆಲ್ಲ ಖುಷಿಯಾಗಿದೆ. ನವೆಂಬರ್ 16, ರವಿವಾರ, ಸಂಘದ ಗೋದಾಮಿನ ಮುಂದಿನ ಬಯಲಿನಲ್ಲಿ ಪೆಂಡಾಲ್ ಹಾಕಿರುತ್ತೇವೆ.

ಕಾರು ಬೆಳಿಗ್ಗೆ 8ಕ್ಕೆ ಧಾರವಾಡದ ನಿಮ್ಮ ಮನೆಗೆ ಬರುತ್ತದೆ. ಅಣ್ಣಿಗೇರಿ ದಾಟಿದ ಮೇಲೆ ಡ್ರೈವರ್ ನನಗೆ ಫೋನ್ ಮಾಡುತ್ತಾನೆ. 10ಕ್ಕೆ ಇಲ್ಲಿ ಉಪ್ಪಿಟ್ಟು, ಚಹಾ. ಕಾರ್ಯಕ್ರಮ 10.30ಕ್ಕೆ. ಆಮಂತ್ರಣದಲ್ಲಿ 10 ಅಂತ ಹಾಕಿದ್ದು ನಮ್ಮ ಜನರನ್ನು ಎಬ್ಬಿಸಿ ತರಲಿಕ್ಕೆ, ನೀವು ಗಾಬರಿಯಾಗಬೇಡಿ.

ನಿಮ್ಮ ಪರಿಚಯ ಇಷ್ಟೇ ಓದುತ್ತೇವೆ: "ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ 31 ವರ್ಷ ಒಣಬೇಸಾಯ ಕಲಿಸಿದವರು. ಎರೆಹೊಲದಲ್ಲಿ ಚೌಕು ಮಡಿ ಮಾಡಿ ಮಳೆನೀರು ನಿಲ್ಲಿಸುವುದನ್ನು ರೈತರ ಹೊಲದಲ್ಲೇ ನಿಂತು ತೋರಿಸಿದವರು. ಹುಟ್ಟೂರು ರೋಣ ತಾಲ್ಲೂಕು." ಏನಾದರೂ ತಪ್ಪಿದ್ದರೆ ಶುಕ್ರವಾರದೊಳಗೆ ತಿಳಿಸಿ.

ನಿಮ್ಮ ಮಾತು 11.30ಕ್ಕೆ, 15 ನಿಮಿಷ. ಹೋದ ವರ್ಷ ಅತಿಥಿಗಳೊಬ್ಬರು 50 ನಿಮಿಷ ಮಾತಾಡಿದರು; ಹಿಂದಿನ ಸಾಲಿನವರು ಒಬ್ಬೊಬ್ಬರಾಗಿ ಊಟದ ಕಡೆ ನಡೆದರು. 12 ನಿಮಿಷ ಆದಾಗ ನಿರೂಪಕಿ ನಿಮ್ಮ ಮುಂದೆ ಒಂದು ಚೀಟಿ ಇಡುತ್ತಾಳೆ, ಬೇಜಾರಾಗಬೇಡಿ. ಸುಮಾರು 250 ಜನ ಇರುತ್ತಾರೆ, ಕಾಲುಭಾಗ ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಹಿಂಗಾರಿ ಕಡಲೆ, ಜೋಳ ಈಗ ಹೊಲದಲ್ಲಿವೆ. ತೇವ ಉಳಿಸುವುದು ಹೇಗೆ ಅಂತ ನೀವು ಹೇಳಿದರೆ ಮಂದಿ ಕಿವಿಗೊಟ್ಟು ಕೇಳುತ್ತಾರೆ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಥೆಯನ್ನು ಮಾತ್ರ ಬಿಟ್ಟುಬಿಡಿ. ನಮ್ಮ ಅಧ್ಯಕ್ಷರು ಅದನ್ನು ಪ್ರತಿವರ್ಷ ಹೇಳುತ್ತಾರೆ, ಈ ಸಲವೂ ಬಿಡುವವರಲ್ಲ! ಸಾಲಮನ್ನಾ ಬಗ್ಗೆ ಯಾರಾದರೂ ಎದ್ದು ಕೇಳಿದರೆ ನಮ್ಮ ಕಡೆ ಕೈ ತೋರಿಸಿಬಿಡಿ.

ವೇದಿಕೆಯಲ್ಲಿ ನಡುವಿನ ಕುರ್ಚಿ ಮಠದ ಸ್ವಾಮಿಗಳದ್ದು. ಅವರ ಬಲಕ್ಕೆ ನೀವು, ಎಡಕ್ಕೆ ಅಧ್ಯಕ್ಷರು. ಸ್ವಾಮಿಗಳು ಬಂದಾಗ ಎಲ್ಲರೂ ಎದ್ದು ಕೈಮುಗಿಯುತ್ತೇವೆ. ನಾಡಗೀತೆಗೆ ಎರಡೂವರೆ ನಿಮಿಷ ನಿಲ್ಲಬೇಕು. ಮೊಣಕಾಲು ನೋವು ಅಂದಿದ್ದಿರಿ, ಅಲ್ವಾ? ಪೋಡಿಯಂ ನಿಮ್ಮ ಕುರ್ಚಿಯ ಪಕ್ಕದಲ್ಲೇ ಇಡಿಸಿದ್ದೇವೆ, ಅದನ್ನು ಹಿಡಿದು ನಿಲ್ಲಬಹುದು. ದೀಪ ಹಚ್ಚುವಾಗ ಚಪ್ಪಲಿ ಬಿಡಬೇಕು, ಸುಲಭವಾಗಿ ಬಿಚ್ಚುವಂಥದ್ದು ಹಾಕಿಕೊಂಡು ಬನ್ನಿ. ಮಾತಿನ ಮೊದಲು ಎಲ್ಲರ ಹೆಸರು ಹೇಳುವ ಗೋಜು ಬೇಡ. ಸ್ವಾಮಿಗಳನ್ನೂ ಅಧ್ಯಕ್ಷರನ್ನೂ ನೆನೆದು "ವೇದಿಕೆಯ ಎಲ್ಲ ಹಿರಿಯರೆ" ಅಂದರೆ ಸಾಕು. ಒಬ್ಬರ ಹೆಸರು ತಪ್ಪಿದರೂ ಆಮೇಲೆ ನಮಗೆ ತಲೆನೋವು. ಸನ್ಮಾನಕ್ಕೆ ಶಾಲು, ಪುಸ್ತಕ; ಹಾರ ಇಲ್ಲ.

ಅಧ್ಯಕ್ಷರ ಭಾಷಣ, ವಂದನಾರ್ಪಣೆ ಮುಗಿಯುವವರೆಗೆ ದಯವಿಟ್ಟು ಕುಳಿತಿರಿ. 12.45ಕ್ಕೆ ಊಟ: ಜೋಳದ ರೊಟ್ಟಿ, ಎಣಗಾಯಿ, ಮಾದ್ಲಿ. ಖಾರ ಕಡಿಮೆ ಬೇಕಿದ್ದರೆ ಮೊದಲೇ ಹೇಳಿ, ನಮ್ಮ ಅಡುಗೆಯವರ ಕೈ ಜೋರು. 2ಕ್ಕೆ ಕಾರು ಹೊರಡುತ್ತದೆ.

ಇಂತಿ,
ಕಾರ್ಯದರ್ಶಿ
ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ, ಗದಗ ತಾಲ್ಲೂಕು